ನಾಲ್ಕು ಹೆಜ್ಜೆ, ಒಂದು ಪದ: ಮನೆಮಂದಿಯೆಲ್ಲ ಕೂಡಿ ಕುಣಿಯುವ ಪಾಠ



ಪವಿತ್ರ ಕುಟುಂಬದ ಹಬ್ಬದ ದಿನ ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ್ ಕಡೆಯ ಕನ್ನಡ ಮನೆಗಳವರು ಕೂಡಿ ಮಾಡಬಹುದಾದ ಒಂದು ಸಣ್ಣ ಕುಣಿತವನ್ನು ಈ ಸಲದ ಯುವಜನ ಪಾಠದಲ್ಲಿ ಕಲಿಯೋಣ. ಇದರಲ್ಲಿ ಇರುವುದು ನಾಲ್ಕೇ ಹೆಜ್ಜೆ. ಹಾಡಲು ನಾಲ್ಕು ಸಾಲಿನ ಒಂದು ಪದ. ಮೊದಲು ಶುಭಸಂದೇಶ ಓದಿ, ಆಮೇಲೆ ಕುರ್ಚಿ ಬದಿಗೆ ಸರಿಸಿ ಎದ್ದು ನಿಲ್ಲಿರಿ. ಈ ಪಾಠವನ್ನು ಕುಳಿತು ಓದಿದರೆ ಅರ್ಧ ಮಾತ್ರ ತಿಳಿಯುತ್ತದೆ.

ಓದು: ಲೂಕ 15:25-32

ದುಂದುಗಾರ ಮಗನ ಸಾಮತಿ ನಮಗೆಲ್ಲ ಗೊತ್ತು. ಕಿರಿಯ ಮಗ ಮನೆಗೆ ಬಂದ, ತಂದೆ ಔತಣ ಮಾಡಿಸಿದ. ಹಿರಿಯ ಮಗ ಹೊಲದಿಂದ ಬರುವಾಗ ಮನೆಯ ಹತ್ತಿರ ಅವನ ಕಿವಿಗೆ ಬಿದ್ದದ್ದು ಎರಡು: ಹಾಡು ಮತ್ತು ಕುಣಿತ. ಗ್ರೀಕ್ ಮೂಲದಲ್ಲಿ ಇಲ್ಲಿ ಬರುವ ಮಾತು ಗುಂಪಾಗಿ ಕುಣಿಯುವುದನ್ನು ಸೂಚಿಸುತ್ತದೆ. ಒಬ್ಬ ಕುಣಿದು ಉಳಿದವರು ನೋಡುವ ಕುಣಿತ ಅದಲ್ಲ. ಹಿರಿಯ ಮಗ ಒಳಗೆ ಹೋಗಲೊಲ್ಲದೆ ಹೊರಗೇ ನಿಂತ. ತಂದೆ ಔತಣವನ್ನು ಬಿಟ್ಟು ಹೊರಗೆ ಬಂದು ಅವನನ್ನು ಬೇಡಿಕೊಂಡ.

ಇಲ್ಲಿ ಒಂದು ವಿಷಯ ಗಮನಿಸಿ. ಒಳಗೆ ಕುಣಿತ ನಡೆದಿದ್ದರೂ ತಂದೆಯ ಕಣ್ಣು ಹೊರಗೆ ನಿಂತವನ ಮೇಲೆ ಇತ್ತು. ನಮ್ಮ ಮನೆಗಳಲ್ಲಿ ಹಬ್ಬದ ದಿನ ಹೊರಗೆ ನಿಲ್ಲುವವರು ಯಾರು? ಮಂಡಿ ನೋಯುವ ಅಜ್ಜಿ ಹೊಸ್ತಿಲ ಬಳಿ ಕೂರುತ್ತಾಳೆ. ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಓದುವ ಮೊಮ್ಮಗನಿಗೆ ಅಜ್ಜಿಯ ಕನ್ನಡ ಪದ ಅರ್ಧ ಮಾತ್ರ ಅರ್ಥವಾಗುತ್ತದೆ, ಅವನು ಫೋನ್ ಹಿಡಿದು ಮೂಲೆ ಸೇರುತ್ತಾನೆ. ಅಪ್ಪನಿಗೆ ನಾಚಿಕೆ. ಕುಣಿಯುವವರು ಇಬ್ಬರು, ನೋಡುವವರು ಆರು ಮಂದಿ. ಈ ಪಾಠದ ಕುಣಿತವನ್ನು ಕಟ್ಟಿದ್ದು ಆ ಆರು ಮಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡು.

ದೂರದ ಒಂದು ಉದಾಹರಣೆ

2020ರ ಫೆಬ್ರವರಿಯಲ್ಲಿ ಆಫ್ರಿಕಾದ ಅಂಗೋಲಾ ದೇಶದ ರಾಜಧಾನಿ ಲುವಾಂಡದಲ್ಲಿ ಫೆನೊಮೆನೊಸ್ ದೊ ಸೆಂಬಾ ಎಂಬ ಕುಣಿತದ ತಂಡ ಒಂದು ಚಿಕ್ಕ ವಿಡಿಯೋ ಹಾಕಿತು. ಊಟದ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಅಂಗಳದಲ್ಲಿ ಅವರು ಕುಣಿಯುತ್ತಿದ್ದರು. ಹಾಡು ದಕ್ಷಿಣ ಆಫ್ರಿಕಾದ ಮಾಸ್ಟರ್ ಕೆಜಿ ಮತ್ತು ನೊಂಸೆಬೊ ಅವರ ‘ಜೆರುಸಲೇಮಾ’. ಅದು ಝುಲು ಭಾಷೆಯ, ಪ್ರಾರ್ಥನೆಯ ಭಾವದ ಹಾಡು. ಕೊರೋನಾ ಕಾಲದಲ್ಲಿ ಆ ಕುಣಿತವನ್ನು ಲೋಕದ ಎಷ್ಟೋ ಕಡೆ ಆಸ್ಪತ್ರೆಯ ನರ್ಸ್‌ಗಳು, ಪೊಲೀಸರು, ಕಾನ್ವೆಂಟಿನ ಸಿಸ್ಟರ್‌ಗಳು, ಗುರುಗಳು ಮಾಡಿ ತೋರಿಸಿದರು. ಝುಲು ಭಾಷೆ ಅವರಲ್ಲಿ ಹೆಚ್ಚಿನವರಿಗೆ ಬರುತ್ತಿರಲಿಲ್ಲ.

ಅದು ಅಷ್ಟು ಬೇಗ ಹರಡಲು ಕಾರಣ ಹುಡುಕಿದರೆ ನಮಗೆ ಬೇಕಾದ ಪಾಠ ಸಿಗುತ್ತದೆ. ಕೆಲವೇ ಹೆಜ್ಜೆಗಳು, ಅವೇ ಮತ್ತೆ ಮತ್ತೆ ಬರುತ್ತವೆ. ಒಂದು ಸುತ್ತು ಮುಗಿದ ಕೂಡಲೇ ಮುಂದಿನ ಸುತ್ತಿಗೆ ಕಾಲು ತಯಾರಾಗಿರುತ್ತದೆ. ತಟ್ಟೆ ಹಿಡಿದೂ ಮಾಡಬಹುದು ಎಂದರೆ ಬರೀ ಕಾಲಿನಿಂದಲೇ ಕುಣಿತ ನಿಲ್ಲುತ್ತದೆ. ಒಬ್ಬರು ತಪ್ಪಿದರೂ ಮುಂದಿನ ಸುತ್ತಿನಲ್ಲಿ ಕೂಡಿಕೊಳ್ಳಬಹುದು.

ಅದೇ ಕುಣಿತಕ್ಕೆ ಒಂದು ತೊಡಕೂ ಬಂತು. 2021ರಲ್ಲಿ ಜರ್ಮನಿಯಲ್ಲಿ ಆ ಹಾಡಿನ ಹಕ್ಕು ಹೊಂದಿದ್ದ ವಾರ್ನರ್ ಮ್ಯೂಸಿಕ್ ಕಂಪನಿ, ವಿಡಿಯೋ ಮಾಡಿದ ಕೆಲವು ಸಂಸ್ಥೆಗಳಿಂದ ಪರವಾನಗಿ ಹಣ ಕೇಳಿತು. ರೆಕಾರ್ಡ್ ಆದ ಹಾಡಿಗೆ ಒಡೆಯರು ಇರುತ್ತಾರೆ. ಸಿನಿಮಾ ಹಾಡು ಹಾಕಿ ಕುಣಿದು ಎಲ್ಲರಿಗೂ ಕಾಣುವಂತೆ ಹಾಕಿದರೆ ನಮಗೂ ಅದೇ ಪ್ರಶ್ನೆ ಬರಬಹುದು. ಅಜ್ಜಿ ಸ್ವಂತ ದನಿಯಲ್ಲಿ ಹಾಡುವ ಹಳೆಯ ಕೋಲಾಟದ ಧಾಟಿಗೆ ಆ ತೊಡಕಿಲ್ಲ. ಹಾಗಾಗಿ ನಮ್ಮ ಕುಣಿತಕ್ಕೆ ಸ್ಪೀಕರ್ ಬೇಡ, ಹಾಡುವ ಒಂದು ಬಾಯಿ ಸಾಕು.

ಪದ

ಕೋಲಾಟ ಗಡಿಯ ಎರಡೂ ಕಡೆಯ ಸೊತ್ತು. ಆಚೆ ರಾಯಚೂರಿನಲ್ಲೂ ಈಚೆ ಮಕ್ತಲ್, ಗದ್ವಾಲಿನಲ್ಲೂ ಅದಕ್ಕೆ ಹೆಸರು ಹೆಚ್ಚುಕಡಿಮೆ ಒಂದೇ, ತೆಲುಗಿನವರು ಕೋಲಾಟಂ ಅನ್ನುತ್ತಾರೆ. ಬತುಕಮ್ಮ ಹಬ್ಬದಲ್ಲಿ ನೆರೆಯ ಅಕ್ಕತಂಗಿಯರು ದುಂಡಗೆ ನಿಂತು ಚಪ್ಪಾಳೆ ಹೊಡೆಯುತ್ತ ಸುತ್ತುವುದನ್ನು ನಾವೆಲ್ಲ ನೋಡಿದ್ದೇವೆ. ದುಂಡಗೆ ನಿಲ್ಲುವುದು, ಚಪ್ಪಾಳೆ, ಒಬ್ಬರು ಹೇಳಿಕೊಟ್ಟು ಉಳಿದವರು ಹಿಂದೆ ಹಾಡುವುದು, ಈ ಮೂರೂ ನಮ್ಮ ಹಿರಿಯರ ಕಾಲಿಗೆ, ಕಿವಿಗೆ ಆಗಲೇ ಗೊತ್ತು. ಹೊಸದಾಗಿ ಕಲಿಯುವುದು ಕಡಿಮೆ.

ಪದದ ಮಾತು ಮಾತ್ರ ಹೊಸದು, ಈ ಪಾಠಕ್ಕೆಂದೇ ಕಟ್ಟಿದ್ದು:

ಹೊಲದಲಿ ಜೋಳದ ತೆನೆಗಳು ಬಾಗಿವೆ
ಕೃಷ್ಣೆಯ ನೀರದು ಹರಿಯುತ ಸಾಗಿದೆ
ಅಜ್ಜಿಯ ಕೈಯನು ಮೊಮ್ಮಗು ಹಿಡಿದಿದೆ
ದೇವರ ಕೊಡುಗೆಗೆ ಮನೆಯಿದು ನಲಿದಿದೆ

ಪ್ರತಿ ಸಾಲಿನಲ್ಲಿ ನಾಲ್ಕು ಮಾತು. ಒಂದು ಮಾತಿಗೆ ಒಂದು ತಾಳ, ಅಂದರೆ ಒಂದು ಚಪ್ಪಾಳೆ. ಬೆರಳಿಟ್ಟು ಎಣಿಸಿ ನೋಡಿ: ಹೊಲದಲಿ ಒಂದು, ಜೋಳದ ಎರಡು, ತೆನೆಗಳು ಮೂರು, ಬಾಗಿವೆ ನಾಲ್ಕು. ನಾಲ್ಕು ಸಾಲಿಗೆ ಹದಿನಾರು ತಾಳ. ಒಂದು ಸಾಲಿಗೆ ಒಂದು ಹೆಜ್ಜೆ, ಆದ್ದರಿಂದ ಸಾಲು ಮರೆತವರಿಗೆ ಹೆಜ್ಜೆ ನೆನಪು ಮಾಡಿಕೊಡುತ್ತದೆ, ಹೆಜ್ಜೆ ಮರೆತವರಿಗೆ ಸಾಲು ನೆನಪು ಮಾಡಿಕೊಡುತ್ತದೆ.

ಧಾಟಿ ನಿಮ್ಮ ಮನೆಯ ಹಿರಿಯರದ್ದೇ ಇರಲಿ. ಆದರೆ ಎಲ್ಲ ಧಾಟಿಯೂ ಹೊಂದುವುದಿಲ್ಲ, ಒಮ್ಮೆ ಪರೀಕ್ಷೆ ಮಾಡಬೇಕು. ಅಜ್ಜಿ ಹಾಡಲಿ, ನೀವು ನಿಂತಲ್ಲೇ ಎಡಗಾಲು ಬಲಗಾಲು ಎತ್ತಿಡುತ್ತ ತಾಳ ಎಣಿಸಿ. ಒಂದು ಸಾಲು ಶುರುವಾಗಿ ಮುಂದಿನ ಸಾಲು ಶುರುವಾಗುವ ತನಕ ನಾಲ್ಕು ಅಥವಾ ಎಂಟು ಬಂದರೆ ಆ ಧಾಟಿ ಸರಿ. ಆರು ಅಥವಾ ಏಳು ಬಂದರೆ ಬೇರೆ ಧಾಟಿ ಕೇಳಿ. ಆರು ತಾಳದ ಸಾಲು ಹಾಡುವಾಗ ನಮ್ಮ ಹೆಜ್ಜೆ ನಾಲ್ಕಕ್ಕೇ ಮುಗಿದಿರುತ್ತದೆ, ಎರಡನೇ ಸಾಲು ಹೆಜ್ಜೆಯ ನಡುವೆ ಹುಟ್ಟುತ್ತದೆ, ಎರಡು ಸುತ್ತಿನಲ್ಲಿ ಮನೆಯೆಲ್ಲ ಗೊಂದಲವಾಗುತ್ತದೆ. ಎಣಿಸುವಾಗ ಸಾಲಿನ ಕೊನೆಯಲ್ಲಿ ಅಜ್ಜಿ ಉಸಿರು ತೆಗೆದುಕೊಳ್ಳುವ ಹೊತ್ತನ್ನೂ ಸೇರಿಸಬೇಕು. ಆ ಮೌನವೂ ತಾಳವೇ.

ನಾಲ್ಕು ಹೆಜ್ಜೆ

ಎಲ್ಲರೂ ಒಳಮುಖವಾಗಿ ದುಂಡಗೆ ನಿಲ್ಲಿ. ಪಕ್ಕದವರ ಕೈ ಸುಲಭವಾಗಿ ಸಿಗುವಷ್ಟು ದೂರ ಇರಲಿ. ಮೈಭಾರ ಎಡಗಾಲ ಮೇಲೆ ಹಾಕಿ, ಬಲಗಾಲು ಹಗುರವಾಗಿರಲಿ.

ಮೊದಲ ಹೆಜ್ಜೆ, ತೆನೆ. ಬಲಗಾಲನ್ನು ಬಲಕ್ಕೆ ಒಂದು ಗೇಣು ಇಡಿ. ಎಡಗಾಲನ್ನು ಅದರ ಪಕ್ಕಕ್ಕೆ ಸೇರಿಸಿ ಭಾರ ಹಾಕಿ. ಮತ್ತೆ ಬಲಗಾಲು ಬಲಕ್ಕೆ ಒಂದು ಗೇಣು. ನಾಲ್ಕನೆಯ ತಾಳಕ್ಕೆ ಎಡಗಾಲಿನ ಬೆರಳ ತುದಿಯನ್ನು ಬಲಗಾಲ ಪಕ್ಕದ ನೆಲಕ್ಕೆ ಮುಟ್ಟಿಸಿ, ಭಾರ ಹಾಕಬೇಡಿ. ಎರಡೂ ಕೈ ಮೇಲಕ್ಕೆತ್ತಿ ಗಾಳಿಗೆ ಬಾಗುವ ತೆನೆಯಂತೆ ಬಲಕ್ಕೆ ಬಾಗಿಸಿ.

ಎರಡನೇ ಹೆಜ್ಜೆ, ಹೊಳೆ. ಇದು ಮೊದಲಿನದ್ದೇ, ಎಡಕ್ಕೆ. ಎಡಗಾಲು ಎಡಕ್ಕೆ, ಬಲಗಾಲು ಸೇರಿಸು, ಎಡಗಾಲು ಎಡಕ್ಕೆ, ಬಲಗಾಲ ಬೆರಳು ಮುಟ್ಟಿಸು. ಕೈ ಎದೆಯ ಎತ್ತರಕ್ಕೆ ಇಳಿದು ನೀರು ಹರಿದಂತೆ ಎಡಕ್ಕೆ ಸಾಗಲಿ. ಈಗ ಎಲ್ಲರೂ ಹೊರಟ ಜಾಗಕ್ಕೇ ಬಂದಿರುತ್ತೀರಿ.

ಮೂರನೇ ಹೆಜ್ಜೆ, ಕೈ. ಎರಡೂ ಪಕ್ಕದವರ ಕೈ ಹಿಡಿಯಿರಿ. ಬಲಗಾಲು ಮುಂದೆ ಒಂದು ಗೇಣು ಇಟ್ಟು ಭಾರ ಹಾಕಿ, ಎಡಗಾಲ ಬೆರಳನ್ನು ಅದರ ಪಕ್ಕ ಮುಟ್ಟಿಸಿ. ಆಮೇಲೆ ಎಡಗಾಲನ್ನು ಹಿಂದಕ್ಕೆ ಇಟ್ಟು ಭಾರ ಹಾಕಿ, ಬಲಗಾಲ ಬೆರಳನ್ನು ಅದರ ಪಕ್ಕ ಮುಟ್ಟಿಸಿ. ದುಂಡು ಒಮ್ಮೆ ಚಿಕ್ಕದಾಗಿ ಮತ್ತೆ ದೊಡ್ಡದಾಗುತ್ತದೆ.

ನಾಲ್ಕನೇ ಹೆಜ್ಜೆ, ಕೊಡುಗೆ. ಕಾಲು ನಿಂತಲ್ಲೇ ಇರಲಿ. ಮೊದಲ ತಾಳಕ್ಕೆ ಸ್ವಂತ ಚಪ್ಪಾಳೆ. ಎರಡನೆಯದಕ್ಕೆ ಎರಡೂ ಕೈ ಚಾಚಿ ಪಕ್ಕದವರ ಅಂಗೈಗೆ ಅಂಗೈ ತಟ್ಟಿ. ಮೂರನೆಯದಕ್ಕೆ ಮತ್ತೆ ಸ್ವಂತ ಚಪ್ಪಾಳೆ. ನಾಲ್ಕನೆಯದಕ್ಕೆ ಕೈ ಮುಗಿದು ನಿಲ್ಲಿ. ಕೋಲಾಟದಲ್ಲಿ ಕೋಲಿಗೆ ಕೋಲು ತಾಗುವ ಜಾಗದಲ್ಲಿ ಇಲ್ಲಿ ಅಂಗೈಗೆ ಅಂಗೈ ತಾಗುತ್ತದೆ.

ಈಗ ಕಾಲಿನ ಲೆಕ್ಕ ನೋಡಿ. ಶುರುವಿನಲ್ಲಿ ಬಲಗಾಲು ಹಗುರವಿತ್ತು. ಮೊದಲ ಹೆಜ್ಜೆಯಲ್ಲಿ ಭಾರ ಮೂರು ಸಲ ಬದಲಾಯಿತು, ಆದ್ದರಿಂದ ಕೊನೆಗೆ ಎಡಗಾಲು ಹಗುರವಾಯಿತು, ಎಡಕ್ಕೆ ಹೋಗಲು ಅದೇ ಬೇಕಿತ್ತು. ಎರಡನೆಯದರಲ್ಲಿ ಮತ್ತೆ ಮೂರು ಸಲ, ಬಲಗಾಲು ಹಗುರವಾಯಿತು. ಮೂರನೆಯದರಲ್ಲಿ ಎರಡು ಸಲ, ಬಲಗಾಲು ಹಗುರವೇ ಉಳಿಯಿತು. ನಾಲ್ಕನೆಯದರಲ್ಲಿ ಭಾರ ಅಲುಗಲೇ ಇಲ್ಲ. ಅಂದರೆ ಕೈ ಮುಗಿದು ನಿಂತಾಗ ನಾವು ಶುರು ಮಾಡಿದ ಹಾಗೆಯೇ ಇದ್ದೇವೆ. ಅದೇ ಕಾರಣಕ್ಕೆ ನಿಲ್ಲದೆ ಮತ್ತೆ ಮೊದಲಿನಿಂದ ಶುರು ಮಾಡಬಹುದು. ನೀವೇ ಮುಂದೆ ಒಂದು ಕುಣಿತ ಕಟ್ಟುವುದಾದರೆ ಈ ಒಂದು ಲೆಕ್ಕ ಮರೆಯಬೇಡಿ: ಭಾರ ಬೆಸ ಸಂಖ್ಯೆಯಲ್ಲಿ ಬದಲಾದರೆ ಹಗುರವಾದ ಕಾಲು ಬದಲಾಗುತ್ತದೆ, ಸರಿ ಸಂಖ್ಯೆಯಲ್ಲಿ ಬದಲಾದರೆ ಅದೇ ಕಾಲು ಉಳಿಯುತ್ತದೆ.

ಎಲ್ಲಿ ತಪ್ಪುತ್ತದೆ

ಹೆಚ್ಚಿನವರು ತಪ್ಪುವುದು ಮೊದಲ ಹೆಜ್ಜೆಯ ನಾಲ್ಕನೆಯ ತಾಳದಲ್ಲಿ. ಬೆರಳು ಮುಟ್ಟಿಸುವ ಬದಲು ಎಡಗಾಲಿನ ಮೇಲೆ ಪೂರ್ತಿ ಭಾರ ಹಾಕಿ ನಿಂತುಬಿಡುತ್ತಾರೆ. ನೋಡಲು ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಎರಡನೇ ಸಾಲು ಶುರುವಾದಾಗ ಎಡಗಾಲು ಏಳುವುದಿಲ್ಲ, ಹಗುರವಾಗಿರುವ ಬಲಗಾಲೇ ಏಳುತ್ತದೆ. ಎಲ್ಲರೂ ಎಡಕ್ಕೆ ಹೊರಟಾಗ ಅವರು ಬಲಕ್ಕೆ ಹೊರಟು ಪಕ್ಕದವರಿಗೆ ಗುದ್ದುತ್ತಾರೆ. ನೋಡಿದವರು ‘ಇವನಿಗೆ ಎಡ ಬಲ ಗೊತ್ತಿಲ್ಲ’ ಅಂದುಕೊಳ್ಳುತ್ತಾರೆ. ಅವನಿಗೆ ಎಡ ಬಲ ಗೊತ್ತು, ಭಾರ ತಪ್ಪಿದೆ ಅಷ್ಟೇ.

ಗುರುತಿಸುವುದು ಸುಲಭ. ನಾಲ್ಕನೆಯ ತಾಳಕ್ಕೆ ಹಿಮ್ಮಡಿ ನೋಡಿ. ಹಿಮ್ಮಡಿ ಮೇಲಿದ್ದರೆ ಸರಿ, ನೆಲಕ್ಕೆ ಅಂಟಿದ್ದರೆ ಭಾರ ಬಿದ್ದಿದೆ. ಸರಿಪಡಿಸಲು ಹಾಡನ್ನು ನಿಲ್ಲಿಸಿ ನಾಲ್ಕು ಮಾತು ಜೋರಾಗಿ ಹೇಳುತ್ತ ಮಾಡಿ: ಹೆಜ್ಜೆ, ಸೇರು, ಹೆಜ್ಜೆ, ಮುಟ್ಟು. ಐದಾರು ಸಲ ಹೇಳಿದರೆ ಬಾಯಿ ಹೇಳಿದ್ದನ್ನು ಕಾಲು ಕೇಳಲು ಶುರು ಮಾಡುತ್ತದೆ. ಆಮೇಲೆ ಪದ ಸೇರಿಸಿ.

ಎರಡನೆಯ ತಪ್ಪು ಎಡ ಬಲದ್ದೇ, ಅದು ಚಿಕ್ಕ ಮಕ್ಕಳಿಗೆ ಬರುತ್ತದೆ. ದುಂಡಗೆ ನಿಂತಾಗ ಎಲ್ಲರ ಬಲವೂ ಸುತ್ತಿನ ಒಂದೇ ದಿಕ್ಕಿಗೆ ಹೋಗುತ್ತದೆ. ಆದರೆ ಎದುರು ನಿಂತ ಮಗುವಿಗೆ ಅಪ್ಪ ಬಲಕ್ಕೆ ಹೋದದ್ದು ತನ್ನ ಎಡಕ್ಕೆ ಹೋದಂತೆ ಕಾಣುತ್ತದೆ. ಮಗು ಅಪ್ಪನನ್ನು ನೋಡಿ ಅನುಕರಿಸಿದಷ್ಟೂ ತಪ್ಪುತ್ತದೆ. ಆದ್ದರಿಂದ ಕಲಿಯುವವರನ್ನು ಕಲಿಸುವವರ ಪಕ್ಕದಲ್ಲಿ ನಿಲ್ಲಿಸಬೇಕು, ಎದುರಿಗೆ ನಿಲ್ಲಿಸಬಾರದು. ಎಲ್ಲರ ಬಲಗೈಗೂ ಒಂದು ಬಣ್ಣದ ದಾರ ಕಟ್ಟಿದರೆ ‘ದಾರದ ಕಡೆ’ ಅಂದರೆ ಸಾಕು.

ಮೂರನೆಯದು ವೇಗ. ಹುರುಪು ಏರಿದಂತೆ ಹಾಡು ಓಡುತ್ತದೆ, ಹುಡುಗರಿಗೆ ಖುಷಿ, ಹಿರಿಯರು ಒಂದೊಂದಾಗಿ ಹೊರಗೆ ಬೀಳುತ್ತಾರೆ. ವೇಗ ಅಳೆಯಲು ಗಡಿಯಾರ ನೋಡಿ ಹದಿನೈದು ಸೆಕೆಂಡಿನಲ್ಲಿ ಎಷ್ಟು ಚಪ್ಪಾಳೆ ಬಂತು ಎಣಿಸಿ, ನಾಲ್ಕರಿಂದ ಗುಣಿಸಿ. 20 ಬಂದರೆ ನಿಮಿಷಕ್ಕೆ 80. ಆಗ ಒಂದು ಸುತ್ತು, ಅಂದರೆ ಹದಿನಾರು ತಾಳ, 12 ಸೆಕೆಂಡಿನಲ್ಲಿ ಮುಗಿಯುತ್ತದೆ. 24 ಬಂದರೆ ನಿಮಿಷಕ್ಕೆ 96, ಸುತ್ತಿಗೆ 10 ಸೆಕೆಂಡು. ಮನೆಮಂದಿಗೆ ಇವೆರಡರ ನಡುವೆ ಇದ್ದರೆ ಹಿತ. ವೇಗ ಓಡದಂತೆ ಹಿಡಿಯುವ ಒಂದೇ ಉಪಾಯ: ಮನೆಯ ಹಿರಿಯರೇ ಹಾಡಬೇಕು. ಅವರ ಉಸಿರಿಗೆ ಹೊಂದಿದ ವೇಗ ಎಲ್ಲರ ಕಾಲಿಗೂ ಹೊಂದುತ್ತದೆ.

ಒಂದು ಮನೆಯ ಲೆಕ್ಕ

ಉದಾಹರಣೆಗೆ ಮಕ್ತಲ್ ಕಡೆಯ ಒಂದು ಮನೆ ಅಂದುಕೊಳ್ಳಿ. ಮಂಡಿ ನೋವಿನ ಅಜ್ಜಿ, ಅಪ್ಪ, ಅವ್ವ, ಮೂರನೇ ತರಗತಿಯ ಮಗಳು, ನಾಲ್ಕು ವರ್ಷದ ಮಗ. ಪಡಸಾಲೆ ಹತ್ತಡಿಗೆ ಹತ್ತಡಿ. ಮಂಚ ಗೋಡೆಗೆ ಸರಿಸಿದರೆ ಐದು ಮಂದಿಯ ದುಂಡು ಅದರಲ್ಲಿ ಹಿಡಿಯುತ್ತದೆ.

ಮೊದಲು ಅಜ್ಜಿಗೆ ಕುರ್ಚಿ. ಕುರ್ಚಿ ದುಂಡಿನ ಹೊರಗೆ ಇರಬಾರದು, ದುಂಡಿನ ಸಾಲಿನಲ್ಲೇ ಇರಬೇಕು. ಪ್ಲಾಸ್ಟಿಕ್ ಕುರ್ಚಿ ಆದರೆ ಜಾರದಂತೆ ಗೋಡೆಗೆ ಆನಿಸಿ. ಈಗ ಒಂದು ಸಣ್ಣ ತೊಡಕು ಬರುತ್ತದೆ. ಅಜ್ಜಿ ಕದಲುವುದಿಲ್ಲ, ಉಳಿದವರು ತೆನೆ ಹೆಜ್ಜೆಯಲ್ಲಿ ಎರಡು ಗೇಣು, ಅಂದರೆ ಸುಮಾರು ಒಂದೂವರೆ ಅಡಿ ಬಲಕ್ಕೆ ಸರಿಯುತ್ತಾರೆ. ಅಜ್ಜಿಯ ಎಡಗಡೆ ನಿಂತವರು ಅಜ್ಜಿಯ ಕಡೆಗೇ ಬರುತ್ತಾರೆ, ಬಲಗಡೆಯವರು ದೂರ ಹೋಗುತ್ತಾರೆ. ಆದ್ದರಿಂದ ಅಜ್ಜಿಯ ಎಡಗಡೆ ಎರಡಡಿ ಜಾಗ ಬಿಡಬೇಕು, ಅಲ್ಲಿ ತನ್ನ ಹೆಜ್ಜೆಯ ಮೇಲೆ ಹಿಡಿತವಿರುವ ಅವ್ವ ನಿಲ್ಲಬೇಕು. ಮಗನನ್ನು ಅಜ್ಜಿಯ ಬಲಗಡೆ ನಿಲ್ಲಿಸಿ. ಹೊಳೆ ಹೆಜ್ಜೆಯಲ್ಲಿ ಅವನು ವಾಪಸ್ ಬಂದ ಕೂಡಲೇ ಮೂರನೇ ಸಾಲು ಬರುತ್ತದೆ, ಅಜ್ಜಿಯ ಕೈ ಅವನಿಗೆ ಎದುರಲ್ಲೇ ಸಿಗುತ್ತದೆ. ಪದದಲ್ಲಿ ಹೇಳಿದ್ದು ದುಂಡಿನಲ್ಲಿ ನಡೆಯುತ್ತದೆ.

ಅಜ್ಜಿ ಮಾಡುವುದೇನು? ಕೈಯದ್ದೆಲ್ಲ ಪೂರ್ತಿ ಮಾಡುತ್ತಾಳೆ: ತೆನೆಯಂತೆ ಬಲಕ್ಕೆ, ಹೊಳೆಯಂತೆ ಎಡಕ್ಕೆ, ಕೈ ಹಿಡಿಯುವುದು, ಚಪ್ಪಾಳೆ, ನಮಸ್ಕಾರ. ಕಾಲಿಗೆ ಬೇಕೆನಿಸಿದರೆ ಹಿಮ್ಮಡಿ ಮೇಲೆ ಕೆಳಗೆ ಮಾಡಬಹುದು. ಎಲ್ಲ ಹೆಜ್ಜೆಗೂ ಕೈಯ ಚಲನೆ ಇಟ್ಟದ್ದು ಇದಕ್ಕಾಗಿಯೇ. ಕುಳಿತವರು, ನಿಂತವರು ಇಬ್ಬರ ಕೈಯೂ ಒಂದೇ ಮಾಡುವುದರಿಂದ ಅಜ್ಜಿಗೆ ಬೇರೆ ಕುಣಿತ, ಉಳಿದವರಿಗೆ ಬೇರೆ ಕುಣಿತ ಆಗುವುದಿಲ್ಲ. ನಾಲ್ಕು ವರ್ಷದ ಮಗನಿಗೂ ಮೊದಲ ದಿನ ಬರೀ ಕೈ ಸಾಕು. ಅಷ್ಟು ಚಿಕ್ಕವರಿಗೆ ‘ಭಾರ ಹಾಕದೆ ಮುಟ್ಟು’ ಎಂಬುದು ಕಷ್ಟ. ಅವನು ಜಿಗಿದರೆ ಜಿಗಿಯಲಿ, ಮೂರನೇ ಸಾಲಿಗೆ ಕೈ ಹಿಡಿದರೆ ಸಾಕು.

ಕಲಿಯುವ ಕ್ರಮ ಹೀಗಿರಲಿ. ಮೊದಲ ದಿನ ಪದ ಮತ್ತು ನಾಲ್ಕನೇ ಹೆಜ್ಜೆ ಮಾತ್ರ, ಏಕೆಂದರೆ ಚಪ್ಪಾಳೆಯಲ್ಲಿ ನಾಚಿಕೆ ಬೇಗ ಹೋಗುತ್ತದೆ, ತಾಳವೂ ಕೂರುತ್ತದೆ. ಎರಡನೇ ದಿನ ತೆನೆ ಮತ್ತು ಹೊಳೆ, ಹಾಡಿಲ್ಲದೆ ಮಾತು ಹೇಳುತ್ತ, ಆಮೇಲೆ ಹಾಡಿನೊಂದಿಗೆ. ಮೂರನೇ ದಿನ ಕೈ ಹೆಜ್ಜೆ ಸೇರಿಸಿ ಪೂರ್ತಿ ಸುತ್ತು. ನಾಲ್ಕು ಸುತ್ತು ಕುಣಿದರೆ ಅಜ್ಜಿಯ ವೇಗದಲ್ಲಿ 48 ಸೆಕೆಂಡು. ದಿನಕ್ಕೆ ಹತ್ತು ನಿಮಿಷ, ಸಂಜೆಯ ಜಪಸರ ಮುಗಿದ ಮೇಲೆ, ಮೂರು ದಿನ ಸಾಕು.

ಸವಾಲಿನ ನಿಯಮಗಳು

ಇದಕ್ಕೆ ಚಾಲೆಂಜ್ ಅನ್ನುವ ಹೆಸರು ಇಡುತ್ತೇವಾದರೂ ಲೈಕ್ ಎಣಿಸುವುದಿಲ್ಲ. ನಿಯಮ ಮೂರೇ. ಒಂದು, ದುಂಡಿನಲ್ಲಿ ಕನಿಷ್ಠ ಎರಡು ತಲೆಮಾರಿನವರು ಇರಬೇಕು, ಹಾಡುವವರು ಅವರಲ್ಲಿ ಹಿರಿಯರಾಗಿರಬೇಕು. ಎರಡು, ಮನೆಯಲ್ಲಿದ್ದವರು ಯಾರೂ ಹೊರಗೆ ಕುಳಿತು ನೋಡುವಂತಿಲ್ಲ, ಫೋನ್ ಹಿಡಿಯಲೆಂದೂ ಒಬ್ಬರನ್ನು ಬಿಡುವಂತಿಲ್ಲ. ಮೂರು, ಕಲಿತ ಮನೆಯವರು ಒಂದು ವಾರದೊಳಗೆ ಇನ್ನೊಂದು ಮನೆಗೆ ಹೋಗಿ ಎದುರಾಎದುರು ಕಲಿಸಬೇಕು. ಆ ಇನ್ನೊಂದು ಮನೆ ತೆಲುಗು ಮಾತಾಡುವವರದ್ದಾದರೆ ಇನ್ನೂ ಒಳ್ಳೆಯದು. ಅವರು ತಮ್ಮ ಕೋಲಾಟದ ಧಾಟಿಗೆ ತಮ್ಮದೇ ನಾಲ್ಕು ಸಾಲು ಕಟ್ಟಿಕೊಳ್ಳಲಿ, ಸಾಲಿಗೆ ನಾಲ್ಕು ತಾಳ ಇದ್ದರೆ ಹೆಜ್ಜೆ ಅದೇ. ಗುಡಿಯ ಅಂಗಳದಲ್ಲಿ ಎರಡು ಭಾಷೆಯ ಮನೆಗಳು ಒಂದೇ ದುಂಡಿನಲ್ಲಿ ನಿಲ್ಲಬಹುದು, ಒಂದು ಸುತ್ತು ಕನ್ನಡದಲ್ಲಿ, ಒಂದು ಸುತ್ತು ತೆಲುಗಿನಲ್ಲಿ.

ವಿಡಿಯೋ ಬೇಕೆನಿಸುವ ಮನೆಯವರು ಫೋನನ್ನು ಅಡ್ಡಲಾಗಿ, ಎದೆಯ ಎತ್ತರದ ಕಪಾಟಿನ ಮೇಲೆ ಆನಿಸಿಟ್ಟು, ದುಂಡನ್ನು ಅದರ ಕಡೆಗೆ ಸ್ವಲ್ಪ ತೆರೆದು ಅರ್ಧಚಂದ್ರ ಮಾಡಿಕೊಳ್ಳಿ. ಅದು ಮನೆಯವರ, ನೆಂಟರ ನಡುವೆ ಇರಲಿ. ಮಕ್ಕಳ ಮುಖ, ಹೆಸರು, ಶಾಲೆಯ ಸಮವಸ್ತ್ರ ಕಾಣುವ ವಿಡಿಯೋವನ್ನು ಯಾರೂ ನೋಡಬಹುದಾದ ಕಡೆ ಹಾಕಬೇಡಿ. ಇನ್ನೊಂದು ಮನೆಯ ಮಗು ಅದರಲ್ಲಿದ್ದರೆ ತಂದೆತಾಯಿಯನ್ನು ಕೇಳದೆ ಸ್ಟೇಟಸ್‌ಗೂ ಹಾಕಬೇಡಿ.

ಇದು ಮನೆಯ ಮತ್ತು ಅಂಗಳದ ಕುಣಿತ, ದಿವ್ಯಬಲಿಪೂಜೆಯ ಒಳಗಿನದ್ದಲ್ಲ. ಪೂಜಾವಿಧಿಯಲ್ಲಿ ಏನು ಇರಬೇಕು ಎಂಬುದು ಧರ್ಮಾಧ್ಯಕ್ಷರ, ಗುರುಗಳ ಹೊಣೆ. ಹಾಗೆಂದು ಜನರ ಹಾಡು ಧರ್ಮಸಭೆಗೆ ಹೊರಗಿನದ್ದಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ದಸ್ತಾವೇಜಿನ 119ನೇ ಭಾಗದಲ್ಲಿ, ಧರ್ಮಪ್ರಚಾರದ ನಾಡುಗಳ ಜನರಿಗೆ ಅವರದೇ ಸಂಗೀತ ಪರಂಪರೆ ಇದೆ, ಅದಕ್ಕೆ ತಕ್ಕ ಮನ್ನಣೆ ಸಲ್ಲಬೇಕು ಎಂಬ ಮಾತು ಇದೆ. ಪವಿತ್ರ ಗ್ರಂಥದಲ್ಲಿ ಮಿರ್ಯಾಮಳು ಸ್ತ್ರೀಯರೊಂದಿಗೆ ದಮ್ಮಡಿ ಹಿಡಿದು ಕುಣಿದದ್ದೂ (ವಿಮೋಚನಾಕಾಂಡ 15:20), ದಾವೀದನು ಮಂಜೂಷದ ಮುಂದೆ ಕುಣಿದದ್ದೂ (2 ಸಮುವೇಲ 6:14) ಬಯಲಿನಲ್ಲಿ, ಬೀದಿಯಲ್ಲಿ.

ಮನೆಯಲ್ಲಿ ಮಾತಾಡಲು

1. ಹಿರಿಯ ಮಗ ಒಳಗೆ ಹೋಗಲಿಲ್ಲ ಏಕೆ? ನಮ್ಮ ಮನೆಯ ಹಬ್ಬದಲ್ಲಿ ಹೊರಗೆ ಉಳಿಯುವವರು ಯಾರು, ಕಾರಣ ಏನು?

2. ಅಜ್ಜಿ, ತಾತ ಅಥವಾ ಅವ್ವನಿಗೆ ಗೊತ್ತಿರುವ ಕೋಲಾಟದ, ಬೀಸುವ, ಸೋಬಾನೆಯ ಪದಗಳು ಎಷ್ಟು? ಅವರು ಹಾಡುವಾಗ ಬರೆದುಕೊಳ್ಳಿ, ತಾಳ ಎಣಿಸಿ. ಸಾಲಿಗೆ ನಾಲ್ಕೋ, ಎಂಟೋ, ಆರೋ ಎಂದು ಪಕ್ಕದಲ್ಲಿ ಗುರುತು ಹಾಕಿ.

3. ನಮ್ಮ ದುಂಡಿನಲ್ಲಿ ಯಾರ ಪಕ್ಕ ಯಾರು ನಿಲ್ಲಬೇಕು? ಕುರ್ಚಿ ಎಲ್ಲಿ?

ಪ್ರಾರ್ಥನೆ

ತಂದೆಯೇ, ಹೊರಗೆ ನಿಂತ ಮಗನಿಗಾಗಿ ಔತಣ ಬಿಟ್ಟು ಬಂದವರು ನೀವು. ನಮ್ಮ ಮನೆಯ ದುಂಡಿನಲ್ಲಿ ಕುಳಿತವರಿಗೂ, ನಿಧಾನ ನಡೆಯುವವರಿಗೂ, ನಮ್ಮ ಮಾತು ಬಾರದವರಿಗೂ ಜಾಗ ಬಿಡುವ ಮನಸ್ಸು ಕೊಡಿ. ಯೇಸು, ಮರಿಯಾ, ಜೋಸೆಫರ ಮನೆಯಂತೆ ನಮ್ಮ ಮನೆಯನ್ನೂ ಆಶೀರ್ವದಿಸಿ. ಆಮೆನ್.